ಗೆರೆಯ ಮೇಲೆ ಕೂತ ಸರಕು ಎ ಗುಂಪಿಗೋ ಬಿ ಗುಂಪಿಗೋ: ಎಬಿಸಿ ಹಾಳೆ ಕಟ್ಟುವ ಕೆಲಸ

ಯಾವ ಸರಕಿನ ಮೇಲೆ ಹೆಚ್ಚು ಕಣ್ಣಿಡಬೇಕು ಎಂದು ತಿಳಿಯಲು ಅಂಗಡಿಯ ಸರಕುಗಳನ್ನು ಮೂರು ಗುಂಪು ಮಾಡುವುದೇ ಎಬಿಸಿ ವಿಂಗಡಣೆ. ಸರಕುಗಳನ್ನು ಮಾರಾಟದ ರೂಪಾಯಿ ಲೆಕ್ಕದಲ್ಲಿ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಬೇಕು, ಮೇಲಿನಿಂದ ಒಂದೊಂದಾಗಿ ಕೂಡಿಸುತ್ತಾ ಬರಬೇಕು. ಒಟ್ಟು ಮಾರಾಟದ ಶೇ 80 ಆಗುವವರೆಗಿನ ಸರಕು ಎ, ಅಲ್ಲಿಂದ ಶೇ 95 ಆಗುವವರೆಗಿನದು ಬಿ, ಉಳಿದದ್ದು ಸಿ. ಹೇಳುವುದಕ್ಕೆ ಇಷ್ಟೇ. ಎಕ್ಸೆಲ್‌ನಂಥ ಹಾಳೆಯಲ್ಲಿ ಕಟ್ಟಲು ಕೂತಾಗ ಮಾತ್ರ ಆ ‘ಆಗುವವರೆಗೆ’ ಎಂಬ ಪದ ಕಾಡಲು ಶುರುಮಾಡುತ್ತದೆ. ಒಂದು ಸರಕನ್ನು ಕೂಡಿಸುವ ಮುಂಚೆ ಶೇ 76 ಇತ್ತು, ಕೂಡಿಸಿದ ಮೇಲೆ ಶೇ 81 ಆಯಿತು ಎಂದರೆ ಆ ಸರಕು ಗೆರೆಯ ಯಾವ ಕಡೆಯದು? ಬಹಳಷ್ಟು ಹಾಳೆಗಳು ಇದಕ್ಕೆ ತಪ್ಪು ಉತ್ತರ ಕೊಡುತ್ತವೆ. ಕೊಡುತ್ತಿವೆ ಎಂದು ಗೊತ್ತೂ ಆಗುವುದಿಲ್ಲ, ಏಕೆಂದರೆ ಫಲಿತಾಂಶ ನೋಡಲು ಸರಿಯಾಗಿಯೇ ಕಾಣುತ್ತದೆ.

ಇಲ್ಲಿ ಕಟ್ಟುತ್ತಿರುವುದು ಒಂದು ಎಲೆಕ್ಟ್ರಿಕಲ್ ಅಂಗಡಿಯ ಹಾಳೆ. ಸರಕು 20, ಅವಧಿ 12 ತಿಂಗಳು, ಒಟ್ಟು ಮಾರಾಟ ₹10,00,000. ಅಂಕಿಗಳನ್ನು ಬಾಯಿಲೆಕ್ಕಕ್ಕೆ ಸಿಗಲಿ ಎಂದು ದುಂಡಗೆ ಜೋಡಿಸಿಕೊಂಡಿದೆ. ನಿಜವಾದ ಅಂಗಡಿಯಲ್ಲಿ ಸರಕು ಸಾವಿರ ದಾಟಬಹುದು, ಸೂತ್ರದಲ್ಲಿ ಕೊನೆಯ ಸಾಲಿನ ಸಂಖ್ಯೆ ಬಿಟ್ಟು ಬೇರೇನೂ ಬದಲಾಗುವುದಿಲ್ಲ. 12 ತಿಂಗಳೇ ಏಕೆ ಎಂದರೆ ಸೀಲಿಂಗ್ ಫ್ಯಾನ್ ಬೇಸಿಗೆಯ ಸರಕು. ಮಾರ್ಚ್‌ನಿಂದ ಮೇವರೆಗಿನ ಲೆಕ್ಕದಲ್ಲಿ ಅದು ಎ ಗುಂಪಿನ ತಲೆಯ ಮೇಲಿರುತ್ತದೆ, ಜುಲೈ–ಸೆಪ್ಟೆಂಬರ್ ಲೆಕ್ಕದಲ್ಲಿ ಕೆಳಗಿಳಿಯುತ್ತದೆ. ಅಂಗಡಿ ಬದಲಾಗಿಲ್ಲ, ಬದಲಾಗಿದ್ದು ಹವಾಮಾನ.

ಮೊದಲ ಹಾಳೆ: ಬಿಲ್ ಸಾಲುಗಳು

ಬಿಲ್ಲಿಂಗ್ ಸಾಫ್ಟ್‌ವೇರ್‌ನಿಂದ ಬಿಲ್‌ವಾರು, ಸರಕುವಾರು ಸಾಲುಗಳನ್ನು ಹೊರತೆಗೆದು `bills` ಎಂಬ ಹಾಳೆಗೆ ಹಾಕಿ. A ಕಾಲಮ್‌ನಲ್ಲಿ ದಿನಾಂಕ, B ಯಲ್ಲಿ ಬಿಲ್ ನಂಬರು, C ಯಲ್ಲಿ ಸರಕಿನ ಕೋಡ್, D ಯಲ್ಲಿ ಜಿಎಸ್‌ಟಿ ಸೇರಿಸುವ ಮುಂಚಿನ, ರಿಯಾಯಿತಿ ಕಳೆದ ಮೊತ್ತ. ಅಂಗಡಿಯ ಎಲ್ಲ ಸರಕಿಗೂ ಒಂದೇ ತೆರಿಗೆ ದರವಿದ್ದರೆ ಜಿಎಸ್‌ಟಿ ಸೇರಿಸಿದರೂ ಪಾಲು ಬದಲಾಗದು, ಮೇಲೂ ಕೆಳಗೂ ಒಂದೇ ಗುಣಕ. ದರಗಳು ಬೇರೆ ಬೇರೆ ಇದ್ದರೆ ಮಾತ್ರ ತೊಂದರೆ. ₹1,000ದ ಎರಡು ಸರಕುಗಳಲ್ಲಿ ಶೇ 18ರದ್ದು 1,180 ಆಗುತ್ತದೆ, ಶೇ 5ರದ್ದು 1,050. ಸರ್ಕಾರಕ್ಕೆ ಹೋಗುವ ದುಡ್ಡಿನ ಬಲದಿಂದ ಒಂದು ಸರಕು ಇನ್ನೊಂದರ ಮೇಲೇರಿ ಕೂರುತ್ತದೆ.

ವಾಪಸು ಬಂದ ಮಾಲು ಹಲವು ಸಾಫ್ಟ್‌ವೇರ್‌ಗಳಲ್ಲಿ ಮಾರಾಟದ ವರದಿಯೊಳಗೆ ಬರುವುದಿಲ್ಲ, ಬೇರೆಯೇ ವರದಿಯಲ್ಲಿರುತ್ತದೆ. ಅದನ್ನೂ ತೆಗೆದು ಇದೇ ಹಾಳೆಯ ಕೆಳಗೆ ಅಂಟಿಸಿ, D ಯ ಮೊತ್ತಕ್ಕೆ ಮೈನಸ್ ಚಿಹ್ನೆ ಹಾಕಿ. ಫ್ಯಾನ್, ಎಲ್‌ಇಡಿ ಬಲ್ಬ್‌ಗಳಂಥ ವಾರಂಟಿ ಸರಕಿನಲ್ಲಿ ಇದನ್ನು ಬಿಟ್ಟರೆ ಲೆಕ್ಕ ಉಬ್ಬುತ್ತದೆ.

ಅಂಟಿಸಿದ ಕೂಡಲೇ ಮಾಡಬೇಕಾದ ಒಂದು ಪರೀಕ್ಷೆ ಇದೆ. ಹೊರತೆಗೆದ ಕಡತದಲ್ಲಿ `1,250.00` ಎಂಬುದು ಅಂಕಿಯಾಗಿ ಅಲ್ಲದೆ ಬರಹವಾಗಿ ಬಂದಿರಬಹುದು. ಕಣ್ಣಿಗೆ ಎರಡೂ ಒಂದೇ. `SUM` ಮಾತ್ರ ಬರಹವಾಗಿ ಕೂತದ್ದನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಆದ್ದರಿಂದ ಖಾಲಿ ಜಾಗವೊಂದರಲ್ಲಿ ಇದನ್ನು ಬರೆಯಿರಿ:

```
=COUNTA(bills!D:D)-1-COUNT(bills!D:D)
```

ಮೊದಲ ಸಾಲಿನ ತಲೆಬರಹಕ್ಕೆ ಒಂದು ಕಳೆದಿದೆ. ಉತ್ತರ 0 ಬರಬೇಕು. 14 ಬಂದರೆ ಅಷ್ಟು ಸಾಲುಗಳು ಬರಹವಾಗಿ ಕೂತಿವೆ ಎಂದರ್ಥ. ಹುಡುಕುವ ಸುಲಭ ದಾರಿಯೆಂದರೆ ಆ ಕಾಲಮ್‌ಗೆ ಎಡ–ಬಲ ಜೋಡಣೆಯನ್ನು ತೆಗೆದುಹಾಕುವುದು. ಅಂಕಿ ಬಲಕ್ಕೆ ಸರಿಯುತ್ತದೆ, ಬರಹ ಎಡಕ್ಕೇ ನಿಲ್ಲುತ್ತದೆ. ಲಿಬ್ರೆಆಫೀಸ್ ಕ್ಯಾಲ್ಕ್ ಬಳಸುವವರು ಒಂದು ಗಮನಿಸಬೇಕು: ಅಲ್ಲಿ ಹಾಳೆಯ ಹೆಸರಿನ ನಂತರ ಸಾಮಾನ್ಯವಾಗಿ `!` ಅಲ್ಲ, ಚುಕ್ಕಿ ಬರುತ್ತದೆ.

ಎರಡನೇ ಹಾಳೆ: ಯಾವುದು ಒಂದು ಸರಕು?

ಈ ಕೆಲಸದಲ್ಲಿ ಅತಿ ಹೆಚ್ಚು ಹೊತ್ತು ಹಿಡಿಯುವುದು ಇದೇ. ಸೂತ್ರಗಳಿಗೆ ಅರ್ಧ ಗಂಟೆ ಸಾಕು, ಇದಕ್ಕೆ ಒಂದು ದಿನ ಬೇಕಾದರೂ ಅಚ್ಚರಿಯಿಲ್ಲ.

ನಮ್ಮ ಅಂಗಡಿಯಲ್ಲಿ 1.5 ಸ್ಕ್ವೇರ್ ಎಂಎಂ ವೈರಿನ ಮಾರಾಟ ₹2,40,000. ಆದರೆ ಬಿಲ್ಲಿಂಗ್‌ನಲ್ಲಿ ಅದು ಐದು ಸರಕು: ಕೆಂಪು 84,000, ಕಪ್ಪು 72,000, ಹಳದಿ 36,000, ನೀಲಿ 30,000, ಹಸಿರು 18,000. ಹೀಗೇ ಬಿಟ್ಟರೆ ಕೊನೆಯಲ್ಲಿ ನಾಲ್ಕು ಬಣ್ಣ ಎ ಗುಂಪಿಗೆ, ಹಸಿರು ಮಾತ್ರ ಬಿ ಗುಂಪಿಗೆ ಬೀಳುತ್ತದೆ. ಹಸಿರು ಅರ್ಥಿಂಗ್‌ಗೆ ಎಳೆಯುವ ವೈರು. ಮನೆ ವೈರಿಂಗ್‌ಗೆ ಬಂದ ಎಲೆಕ್ಟ್ರಿಶಿಯನ್ ಬಣ್ಣಗಳನ್ನೆಲ್ಲ ಒಟ್ಟಿಗೆ ಕೇಳುತ್ತಾನೆ, ಹಸಿರು ಇಲ್ಲ ಎಂದರೆ ಇಡೀ ಪಟ್ಟಿ ಹಿಡಿದು ಪಕ್ಕದ ಅಂಗಡಿಗೆ ಹೋಗುತ್ತಾನೆ. ಆದ್ದರಿಂದ ಇಲ್ಲಿ ಐದನ್ನೂ ಒಂದೇ ಸರಕು ಎಂದು ಎಣಿಸುವುದೇ ಸರಿ.

ಒಡೆದ ಸರಕು ತನ್ನ ಜಾಗ ಮಾತ್ರ ಕೆಡಿಸಿಕೊಳ್ಳುವುದಿಲ್ಲ, ಉಳಿದವುಗಳದ್ದನ್ನೂ ಕೆಡಿಸುತ್ತದೆ. ಬಣ್ಣಗಳನ್ನು ಒಡೆದಿಟ್ಟಾಗ ಪಟ್ಟಿಯ ತಲೆಯ ಭಾರ ಚದುರಿ ಶೇ 80ರ ಗೆರೆ ಕೆಳಕ್ಕೆ ಜಾರುತ್ತದೆ. ಮುಂದೆ ನೋಡಲಿರುವ ಹಾಗೆ ಸರಿಯಾದ ಪಟ್ಟಿಯಲ್ಲಿ ಬಿ ಗುಂಪಿನಲ್ಲಿರುವ ಪಿವಿಸಿ ಪೈಪು ಮತ್ತು ಎಂಸಿಬಿ, ಒಡೆದ ಪಟ್ಟಿಯಲ್ಲಿ ಎ ಗುಂಪಿಗೆ ಏರುತ್ತವೆ. ಅವುಗಳ ಮಾರಾಟದಲ್ಲಿ ಒಂದು ರೂಪಾಯಿಯೂ ಹೆಚ್ಚಿಲ್ಲ. ಎ ಗುಂಪಿನ ಗಾತ್ರ 7ರಿಂದ 12ಕ್ಕೆ ಉಬ್ಬುತ್ತದೆ.

ಹಾಗೆಂದು ಎಲ್ಲವನ್ನೂ ಕಲಸುವಂತಿಲ್ಲ. ಒಂದರ ಬದಲು ಇನ್ನೊಂದನ್ನು ಗಿರಾಕಿ ಒಪ್ಪುತ್ತಾನೆಯೇ ಅಥವಾ ಎರಡನ್ನೂ ಒಟ್ಟಿಗೇ ಕೊಳ್ಳುತ್ತಾನೆಯೇ ಎಂದು ಕೇಳಿಕೊಳ್ಳಿ. ಎರಡರಲ್ಲಿ ಒಂದಕ್ಕಾದರೂ ಹೌದು ಎಂದರೆ ಸೇರಿಸಿ. 1.5 ಮತ್ತು 2.5 ವೈರುಗಳಿಗೆ ಎರಡರಲ್ಲಿ ಒಂದು ಪ್ರಶ್ನೆಗೂ ‘ಹೌದು’ ಎನ್ನಲಾಗದು, ಅವು ಬೇರೆಯೇ ಇರಲಿ. ಕಾಯಿಲ್ ಲೆಕ್ಕದಲ್ಲಿ ಮಾರಿದ್ದು ಮತ್ತು ಅದನ್ನೇ ಕತ್ತರಿಸಿ ಮೀಟರ್ ಲೆಕ್ಕದಲ್ಲಿ ಮಾರಿದ್ದು ಎರಡು ಹೆಸರಲ್ಲಿದ್ದರೆ ಸೇರಿಸಲೇಬೇಕು. ರೂಪಾಯಿ ಕೂಡಿಸುವುದರಿಂದ ಇದು ಸುಸೂತ್ರ. ಪ್ರಮಾಣ ಕೂಡಿಸುತ್ತಿದ್ದರೆ ಕಾಯಿಲ್‌ಗೂ ಮೀಟರ್‌ಗೂ ಜಗಳ ಬರುತ್ತಿತ್ತು.

ಈ ತೀರ್ಮಾನವನ್ನು `map` ಎಂಬ ಹಾಳೆಯಲ್ಲಿ ಬರೆದಿಡಿ. A ಯಲ್ಲಿ ಬಿಲ್ಲಿಂಗ್ ಕೋಡ್, B ಯಲ್ಲಿ ನಾವು ಎಣಿಸುವ ಕೋಡ್. ಐದೂ ಬಣ್ಣಗಳ ಎದುರು `W15` ಎಂದೇ ಬರುತ್ತದೆ. `bills` ಹಾಳೆಯ E ಕಾಲಮ್‌ನಲ್ಲಿ:

```
=VLOOKUP(C2,map!$A$2:$B$500,2,FALSE)
```

ಕೋಡ್‌ಗಳಲ್ಲಿ ಅಕ್ಷರ ಮತ್ತು ಅಂಕಿ ಬಿಟ್ಟು ಬೇರೇನೂ ಬೇಡ. ಹಾರ್ಡ್‌ವೇರ್ ಅಂಗಡಿಗಳಲ್ಲಿ `BOX10*12` ಎಂದು ಅಳತೆ ಬರೆಯುವ ರೂಢಿಯಿದೆ. ಮುಂದಿನ ಹಂತದ `SUMIFS` ಆ ನಕ್ಷತ್ರವನ್ನು ‘ನಡುವೆ ಏನಿದ್ದರೂ ಆಗಬಹುದು’ ಎಂದು ಓದುತ್ತದೆ. `BOX10*12` ಎಂದು ಹುಡುಕಿದರೆ `BOX10X12` ಮತ್ತು `BOX108X12` ಮಾರಾಟವೂ ಇದರ ಖಾತೆಗೆ ಬಂದು ಬೀಳುತ್ತದೆ. `007` ಮತ್ತು `7` ಎಂಬ ಕೋಡ್‌ಗಳನ್ನೂ ಅದು ಒಂದೇ ಎಂದು ಭಾವಿಸುತ್ತದೆ. ಮುಂದೆ ಒಂದು ಅಕ್ಷರ ಸೇರಿಸಿದರೆ ಆ ಕಾಟ ತಪ್ಪುತ್ತದೆ.

ಮೂರನೇ ಹಾಳೆ: ಲೆಕ್ಕ

`abc` ಹಾಳೆಯ A ಕಾಲಮ್‌ಗೆ ಕೋಡ್‌ಗಳನ್ನು ಬಿಲ್ ಸಾಲುಗಳಿಂದ ಎತ್ತಿಕೊಳ್ಳಬೇಡಿ, ಅಂಗಡಿಯ ಸರಕು ಪಟ್ಟಿಯಿಂದ ತನ್ನಿ, ಐದು ಬಣ್ಣಗಳ ಬದಲು `W15` ಒಂದೇ ಸಲ ಬರಲಿ. ಪಿವಟ್ ಟೇಬಲ್ ಹಾಕಿ ಸಮಯ ಉಳಿಸೋಣ ಎನ್ನುವವರು ಇಲ್ಲೇ ಎಡವುತ್ತಾರೆ. ವರ್ಷವಿಡೀ ಒಂದೂ ಮಾರಾಟವಾಗದ ಸರಕಿಗೆ ಬಿಲ್ ಸಾಲೇ ಇರುವುದಿಲ್ಲ, ಆದ್ದರಿಂದ ಪಿವಟ್‌ನಲ್ಲೂ ಅದು ಇಲ್ಲ. ಗೋದಾಮಿನಲ್ಲಿ ದೂಳು ಹಿಡಿದು ಕೂತ ಮಾಲು ಕಣ್ಣಿಗೆ ಬೀಳಲಿ ಎಂದು ಮಾಡುವ ಲೆಕ್ಕದಲ್ಲೇ ಅದು ಕಾಣೆಯಾದರೆ ಏನು ಬಂತು.

B ಯಲ್ಲಿ ಹೆಸರು. ಉಳಿದ ನಾಲ್ಕು ಕಾಲಮ್‌ಗಳು, ಕ್ರಮವಾಗಿ C, D, E, F:

```
=SUMIFS(bills!$D:$D,bills!$E:$E,A2)
=ROUND(MAX(0,C2),2)
=SUMIF($D$2:$D$21,">"&D2)/SUM($D$2:$D$21)
=IF(D2=0,"-",IF(E2<0.8,"A",IF(E2<0.95,"B","C")))
```

C ಎಂದರೆ ನಿವ್ವಳ ಮಾರಾಟ. D ಯಲ್ಲಿ ಅದನ್ನೇ ಪೈಸೆಗೆ ಸರಿಹೊಂದಿಸಿ, ಸೊನ್ನೆಗಿಂತ ಕೆಳಗಿದ್ದರೆ ಸೊನ್ನೆ ಮಾಡಿದೆ. ಹೋದ ವರ್ಷ ಮಾರಿದ್ದು ಈ ವರ್ಷ ವಾಪಸು ಬಂದರೆ ಒಂದು ಸರಕಿನ ನಿವ್ವಳ −3,000 ಆಗಬಹುದು. ಹಾಗೇ ಬಿಟ್ಟರೆ ಕೂಡಿಕೆಯ ಪಾಲು ಪಟ್ಟಿಯ ಕೊನೆಯ ಹತ್ತಿರ ಶೇ 100 ದಾಟಿಹೋಗಿ, ಕೊನೆಯ ಸಾಲಿನಲ್ಲಿ ಮತ್ತೆ 100ಕ್ಕೆ ಇಳಿಯುತ್ತದೆ. ಯಾರದಾದರೂ ಹಾಳೆಯಲ್ಲಿ ಶೇ 100.3 ಎಂದು ಕಂಡರೆ ಒಳಗೆಲ್ಲೋ ಮೈನಸ್ ಸರಕಿದೆ ಎಂದೇ ತಿಳಿಯಬೇಕು. ಸೊನ್ನೆ ಸರಕಿಗೆ F ನಲ್ಲಿ ಗೀಟು ಬರುತ್ತದೆ, ಸಿ ಬರುವುದಿಲ್ಲ. ನಿಧಾನಕ್ಕೆ ಹೋಗುವ ಮಾಲು ಬೇರೆ, ಹೋಗದೇ ಇರುವ ಮಾಲು ಬೇರೆ.

E ಯ ಕಡೆ ಸ್ವಲ್ಪ ನಿಲ್ಲೋಣ. ಅದು ಹೇಳುವುದು ‘ಈ ಸರಕಿಗಿಂತ ಹೆಚ್ಚು ಮಾರಾಟವಾದವುಗಳ ಒಟ್ಟು ಪಾಲು ಎಷ್ಟು’ ಎಂದು. ಅಂದರೆ ಈ ಸರಕನ್ನು ಕೂಡಿಸುವ ಮುಂಚಿನ ಪಾಲು. ಪಟ್ಟಿಯನ್ನು ಜೋಡಿಸುವ ಅಗತ್ಯವೂ ಇಲ್ಲ, ಸಾಲುಗಳು ಯಾವ ಕ್ರಮದಲ್ಲಿದ್ದರೂ ಉತ್ತರ ಅದೇ. ಓದುವ ಅನುಕೂಲಕ್ಕೆ ಕೆಳಗೆ ಜೋಡಿಸಿ ಕೊಟ್ಟಿದೆ. ಕೊನೆಯ ಕಾಲಮ್ ಹಾಳೆಯಲ್ಲಿ ಇಲ್ಲ, ಹೋಲಿಕೆಗಾಗಿ ಇಲ್ಲಿ ಇಟ್ಟಿದೆ.

| ಸರಕು | ಮಾರಾಟ ₹ | ಮುಂಚಿನ ಪಾಲು ಶೇ | ಗುಂಪು | ಕೂಡಿದ ಮೇಲೆ ಶೇ |
|---|---|---|---|---|
| 1.5 ವೈರು | 2,40,000 | 0 | ಎ | 24.0 |
| ಸೀಲಿಂಗ್ ಫ್ಯಾನ್ | 1,80,000 | 24.0 | ಎ | 42.0 |
| 2.5 ವೈರು | 1,30,000 | 42.0 | ಎ | 55.0 |
| 9 ವ್ಯಾಟ್ ಬಲ್ಬ್ | 90,000 | 55.0 | ಎ | 64.0 |
| 1.0 ವೈರು | 70,000 | 64.0 | ಎ | 71.0 |
| 6 ಆಂಪ್ ಸ್ವಿಚ್ | 52,000 | 71.0 | ಎ | 76.2 |
| ಎಲ್‌ಇಡಿ ಟ್ಯೂಬ್ | 46,000 | 76.2 | ಎ | 80.8 |
| ಪಿವಿಸಿ ಪೈಪು | 38,000 | 80.8 | ಬಿ | 84.6 |
| ಎಂಸಿಬಿ | 30,000 | 84.6 | ಬಿ | 87.6 |
| ಎಕ್ಸಾಸ್ಟ್ ಫ್ಯಾನ್ | 24,000 | 87.6 | ಬಿ | 90.0 |
| 16 ಆಂಪ್ ಸಾಕೆಟ್ | 20,000 | 90.0 | ಬಿ | 92.0 |
| ಸ್ವಿಚ್ ಪ್ಲೇಟ್ | 18,000 | 92.0 | ಬಿ | 93.8 |
| ಡಿಬಿ ಬಾಕ್ಸ್ | 14,000 | 93.8 | ಬಿ | 95.2 |
| ರೆಗ್ಯುಲೇಟರ್ | 12,000 | 95.2 | ಸಿ | 96.4 |
| ಎಕ್ಸ್‌ಟೆನ್ಶನ್ ಬೋರ್ಡ್ | 10,000 | 96.4 | ಸಿ | 97.4 |
| ಕಾಲಿಂಗ್ ಬೆಲ್ | 8,000 | 97.4 | ಸಿ | 98.2 |
| ಬಲ್ಬ್ ಹೋಲ್ಡರ್ | 6,000 | 98.2 | ಸಿ | 98.8 |
| ಸೀಲಿಂಗ್ ರೋಸ್ | 6,000 | 98.2 | ಸಿ | 99.4 |
| ಇನ್ಸುಲೇಶನ್ ಟೇಪ್ | 4,000 | 99.4 | ಸಿ | 99.8 |
| ಫ್ಯಾನ್ ಕೆಪಾಸಿಟರ್ | 2,000 | 99.8 | ಸಿ | 100.0 |

ಎ ಗುಂಪಿನಲ್ಲಿ 7 ಸರಕು, ಮಾರಾಟದ ಶೇ 80.8. ಬಿ ಯಲ್ಲಿ 6 ಸರಕು, ಶೇ 14.4. ಸಿ ಯಲ್ಲಿ 7 ಸರಕು, ಶೇ 4.8.

ಗೆರೆಯ ಲೆಕ್ಕ

ಈಗ ಎಲ್‌ಇಡಿ ಟ್ಯೂಬ್ ನೋಡಿ. ಸಾಮಾನ್ಯವಾಗಿ ಜನ ಬರೆಯುವ ಸೂತ್ರ ಕೊನೆಯ ಕಾಲಮ್ ಹಿಡಿದು ‘ಕೂಡಿದ ಮೇಲಿನ ಪಾಲು 0.8ಕ್ಕಿಂತ ಹೆಚ್ಚಿಲ್ಲದಿದ್ದರೆ ಎ’ ಎನ್ನುತ್ತದೆ. ಆ ಸೂತ್ರದಲ್ಲಿ ಟ್ಯೂಬ್ 80.8 ಆಗಿ ಬಿ ಗುಂಪಿಗೆ ಹೋಗುತ್ತದೆ, ಎ ಗುಂಪು ಶೇ 76.2ಕ್ಕೇ ನಿಲ್ಲುತ್ತದೆ. ಡಿಬಿ ಬಾಕ್ಸ್ ಕೂಡ 95.2 ಆಗಿ ಸಿ ಗೆ ಇಳಿಯುತ್ತದೆ. ಶೇ 80 ಮಾರಾಟ ತರುವ ಸರಕುಗಳು ಬೇಕು ಎಂದು ಹೊರಟು ಶೇ 76ಕ್ಕೆ ಕೈಬಿಟ್ಟ ಹಾಗಾಯಿತು.

ಇಷ್ಟೇ ಆಗಿದ್ದರೆ ಅಭಿರುಚಿಯ ಪ್ರಶ್ನೆ ಎಂದು ಬಿಡಬಹುದಿತ್ತು. ಆದರೆ ಸಿಮೆಂಟ್ ಅಂಗಡಿಯೊಂದನ್ನು ಯೋಚಿಸಿ. ಸಿಮೆಂಟೇ ಮಾರಾಟದ ಶೇ 82, ಉಳಿದದ್ದು ಬೈಂಡಿಂಗ್ ವೈರು, ಮೊಳೆ, ಬಾಂಡ್ಲಿ. ಕೂಡಿದ ಮೇಲಿನ ಪಾಲು ಹಿಡಿಯುವ ಸೂತ್ರದಲ್ಲಿ ಮೊದಲ ಸಾಲಿನಲ್ಲೇ 82 ಬಂತು, ಅದು 80ಕ್ಕಿಂತ ಹೆಚ್ಚು, ಆದ್ದರಿಂದ ಸಿಮೆಂಟು ಬಿ! ಇಡೀ ಅಂಗಡಿಯಲ್ಲಿ ಎ ಗುಂಪೇ ಇಲ್ಲ. ಮುಂಚಿನ ಪಾಲು ಹಿಡಿದರೆ ಮೊದಲ ಸರಕಿಗೆ ಯಾವಾಗಲೂ 0 ಬರುತ್ತದೆ, ಅದು ಎ ಆಗದೇ ಇರಲು ಸಾಧ್ಯವಿಲ್ಲ. ಸೂತ್ರವನ್ನು ಈ ದಿಕ್ಕಿನಿಂದ ಬರೆಯಲು ಇದೊಂದೇ ಕಾರಣ ಸಾಕು. ಬೇರೆಯವರ ಹಾಳೆ ಕೈಗೆ ಬಂದಾಗ ಒಂದು ಸರಕಿನ ಮಾರಾಟವನ್ನು ಬೇಕೆಂದೇ ಉಳಿದೆಲ್ಲದರ ಒಟ್ಟು ಮೊತ್ತದ ಹತ್ತು ಪಟ್ಟು ಮಾಡಿ ನೋಡಿ. ಅದು ಬಿ ಆದರೆ ಒಳಗಿನ ಸೂತ್ರ ಯಾವುದೆಂದು ತಿಳಿಯಿತು.

ಇನ್ನೊಂದು ತೊಡಕು ಸಮಬಲದ ಸರಕುಗಳದ್ದು. ವೈರಿನ ಬಣ್ಣ ಒಡೆದಿಟ್ಟ ಪಟ್ಟಿಗೇ ಒಂದು ಕ್ಷಣ ಮರಳೋಣ. ಅಲ್ಲಿ ಫ್ಯಾನ್‌ನಿಂದ ಹಳದಿ ವೈರಿನವರೆಗೆ ಕೂಡಿದರೆ ₹7,98,000, ಅಂದರೆ ಶೇ 79.8. ಮುಂದೆ ಎಂಸಿಬಿ ಮತ್ತು ನೀಲಿ ವೈರು, ಎರಡೂ ₹30,000. ಸಾಲುಸಾಲಾಗಿ ಕೂಡಿಸುವ ಹಾಳೆಯಲ್ಲಿ ಮೇಲಿರುವುದಕ್ಕೆ ಮುಂಚಿನ ಪಾಲು 79.8, ಅದು ಎ. ಅದರ ಕೆಳಗಿನದಕ್ಕೆ 82.8, ಅದು ಬಿ. ಯಾವುದು ಮೇಲೆ ಎಂಬುದನ್ನು ನಿರ್ಧರಿಸುವುದು ಜೋಡಿಸುವ ಮುಂಚೆ ಸಾಲುಗಳು ಇದ್ದ ಕ್ರಮ. ನಾಳೆ ಹೆಸರಿನ ಪ್ರಕಾರ ಜೋಡಿಸಿ ಮತ್ತೆ ಮೊತ್ತದ ಪ್ರಕಾರ ಜೋಡಿಸಿದರೆ ಅವು ಗುಂಪು ಅದಲುಬದಲು ಮಾಡಿಕೊಳ್ಳಬಹುದು. ನಮ್ಮ E ಸೂತ್ರ ‘ಇದಕ್ಕಿಂತ ಹೆಚ್ಚು’ ಇರುವವನ್ನಷ್ಟೇ ಕೂಡಿಸುವುದರಿಂದ ಎರಡಕ್ಕೂ 79.8 ಬರುತ್ತದೆ, ಎರಡೂ ಎ. ಮೇಲಿನ ಪಟ್ಟಿಯಲ್ಲಿ ಹೋಲ್ಡರ್ ಮತ್ತು ಸೀಲಿಂಗ್ ರೋಸ್ ಎರಡಕ್ಕೂ 98.2 ಬಂದಿರುವುದು ಇದೇ ಕಾರಣಕ್ಕೆ.

D ಯಲ್ಲಿ `ROUND` ಏಕೆ ಹಾಕಿದೆ ಎಂಬುದಕ್ಕೂ ಇಲ್ಲೇ ಉತ್ತರವಿದೆ. `">"&D2` ಎಂದು ಬರೆದಾಗ ಅಂಕಿ ಮೊದಲು ಬರಹವಾಗಿ, ಆಮೇಲೆ ಮತ್ತೆ ಅಂಕಿಯಾಗಿ ಬದಲಾಗುತ್ತದೆ. ನೂರಾರು ಪೈಸೆ ಮೊತ್ತಗಳನ್ನು ಕೂಡಿಸಿದ ಮೇಲೆ ಬಾಲದಲ್ಲಿ ಉಳಿದ ಕಣ್ಣಿಗೆ ಕಾಣದ ದಶಾಂಶ ಆ ಬದಲಾವಣೆಯಲ್ಲಿ ಉದುರಿಹೋಗಬಹುದು. ಆಗ ಒಂದು ಸರಕು ತನಗಿಂತ ತಾನೇ ದೊಡ್ಡದು ಎನಿಸಿಕೊಂಡು ತನ್ನ ಮುಂಚಿನ ಪಾಲಿನಲ್ಲಿ ತನ್ನನ್ನೇ ಸೇರಿಸಿಕೊಳ್ಳುತ್ತದೆ. ಪೈಸೆಗೆ ಸರಿಹೊಂದಿಸಿಟ್ಟರೆ ಆ ಬಾಲವೇ ಇರುವುದಿಲ್ಲ.

ಇದರ ಅಣ್ಣನಂಥ ತಪ್ಪು ಶೇಕಡಾವಾರುಗಳನ್ನೇ ಕೂಡಿಸುತ್ತಾ ಹೋಗುವುದು. ಪ್ರತಿ ಸರಕಿನ ಪಾಲನ್ನು ಮೊದಲೇ ಭಾಗಿಸಿಟ್ಟು ಆ ಪಾಲುಗಳನ್ನು ಕೂಡಿಸಿದರೆ ಗೆರೆಯ ಮೇಲೆ ನಿಖರವಾಗಿ ಕೂತ ಸರಕು ಜಾರುತ್ತದೆ. ಪೈಥಾನ್‌ನಲ್ಲಿ `0.7+0.1` ಎಂದು ಕೇಳಿ ನೋಡಿ, `0.7999999999999999` ಎನ್ನುತ್ತದೆ. ಮುಂಚಿನ ಪಾಲು ಸರಿಯಾಗಿ 80 ಆಗಿ ಬಿ ಗೆ ಹೋಗಬೇಕಿದ್ದ ಸರಕು ಹೀಗೆ ಎ ಆಗುತ್ತದೆ. ರೂಪಾಯಿಗಳನ್ನು ಕೂಡಿಸಿ, ಕೊನೆಗೆ ಒಮ್ಮೆ ಮಾತ್ರ ಭಾಗಿಸಿ.

`SUMIF` ದಾರಿಗೆ ಒಂದು ಮಿತಿ ಇದೆ. ಪ್ರತಿ ಸಾಲೂ ಇಡೀ ಕಾಲಮ್ ಓದುತ್ತದೆ. ಸಾವಿರ ಸರಕಿಗೆ 10 ಲಕ್ಷ ಹೋಲಿಕೆ, ಅದೇನೂ ಭಾರವಲ್ಲ. 20,000 ಸರಕಿಗೆ 40 ಕೋಟಿ, ಆಗ ಹಾಳೆ ಉಸಿರುಗಟ್ಟುತ್ತದೆ. ಅಷ್ಟು ದೊಡ್ಡ ಪಟ್ಟಿಯಾದರೆ D ಯ ಪ್ರಕಾರ ಇಳಿಕೆ ಕ್ರಮದಲ್ಲಿ ಜೋಡಿಸಿ, H ನಲ್ಲಿ ಓಡುವ ಮೊತ್ತ ಇಟ್ಟುಕೊಳ್ಳಿ. `H2` ನಲ್ಲಿ `=D2`, `H3` ಯಲ್ಲಿ `=H2+D3`, ಹೀಗೆ ಕೆಳಕ್ಕೆ. `E2` ನಲ್ಲಿ 0 ಇಟ್ಟು, `E3` ಯಿಂದ ಕೆಳಕ್ಕೆ:

```
=IF(D3=D2,E2,H2/$H$20001)
```

ಮೇಲಿನ ಸಾಲಿಗೆ ಸಮವಾಗಿದ್ದರೆ ಅದರ ಪಾಲನ್ನೇ ಎತ್ತಿಕೊಳ್ಳುವುದರಿಂದ ಸಮಬಲದ ತೊಡಕು ಇಲ್ಲೂ ತಪ್ಪುತ್ತದೆ. ಆದರೆ ಜೋಡಣೆ ಕೆಟ್ಟರೆ ಎಲ್ಲವೂ ಕೆಟ್ಟಿತು. ಹೊಸ ಸಾಲು ಸೇರಿಸಿದಾಗಲೆಲ್ಲ ಮತ್ತೆ ಜೋಡಿಸಬೇಕು.

ತಾಳೆ ನೋಡುವುದು

ಎರಡು ತಾಳೆ ಸಾಕು. ಒಂದು, `=SUM(bills!D:D)-SUM(abc!C2:C21)` ಸೊನ್ನೆ ಬರಬೇಕು. ಬರದಿದ್ದರೆ `bills` ನ E ಕಾಲಮ್‌ನಲ್ಲಿ `#N/A` ಹುಡುಕಿ. `map` ನಲ್ಲಿ ಇಲ್ಲದ ಹೊಸ ಕೋಡ್ ಅಲ್ಲಿರುತ್ತದೆ. `SUMIFS` ಅಂಥ ಸಾಲುಗಳ ಮೇಲೆ ತಪ್ಪು ತೋರಿಸುವುದಿಲ್ಲ, ಸುಮ್ಮನೆ ಬಿಟ್ಟು ಮುಂದೆ ಹೋಗುತ್ತದೆ. ವ್ಯತ್ಯಾಸ ಮೈನಸ್ ಆಗಿದ್ದರೆ, ಅಂದರೆ `abc` ನಲ್ಲೇ ಹೆಚ್ಚು ಇದ್ದರೆ, ನಕ್ಷತ್ರವಿರುವ ಕೋಡ್ ಅಥವಾ ಎರಡು ಸಲ ಬರೆದ ಕೋಡ್ ಇದೆ. ಎರಡು, `bills` ನ ಮೊತ್ತ ಬಿಲ್ಲಿಂಗ್ ಸಾಫ್ಟ್‌ವೇರ್ ತೋರಿಸುವ ತೆರಿಗೆ ಮುಂಚಿನ ನಿವ್ವಳ ಮೊತ್ತಕ್ಕೆ ಹೊಂದಬೇಕು. ಮೊದಲ ತಾಳೆ ಹಾಳೆಯ ಒಳಗಿನದು ಮಾತ್ರ. ಕಡತ ಹೊರಬರುವಾಗಲೇ ಒಂದು ತಿಂಗಳು ಕಳೆದುಹೋಗಿದ್ದರೆ ಅದಕ್ಕೆ ಗೊತ್ತಾಗದು.

ನಮ್ಮ ಪಟ್ಟಿಯಲ್ಲಿ ಎ ಗುಂಪು 20ರಲ್ಲಿ 7, ಅಂದರೆ ಶೇ 35. ‘ಶೇ 20 ಸರಕು, ಶೇ 80 ಮಾರಾಟ’ ಎಂದು ಕೇಳಿದವರು ಇಲ್ಲಿ ಹಾಳೆ ತಪ್ಪಿದೆ ಎಂದು ಗಾಬರಿಯಾಗುತ್ತಾರೆ. ತಪ್ಪೇನಿಲ್ಲ. ಇಟಲಿಯ ಅರ್ಥಶಾಸ್ತ್ರಜ್ಞ ಪರೇಟೊ ಸಂಪತ್ತಿನ ಹಂಚಿಕೆಯನ್ನು ಅಳೆದಿದ್ದ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ 1951ರಲ್ಲಿ ದಾಸ್ತಾನಿಗೆ ಎಬಿಸಿ ವಿಂಗಡಣೆಯನ್ನು ಬರೆದು ಹರಡಿದ. 20 ಮತ್ತು 80 ಕೂಡಿ 100 ಆಗುವುದು ಕಾಕತಾಳೀಯ, ಒಂದು ಸರಕಿನ ಎಣಿಕೆ, ಇನ್ನೊಂದು ರೂಪಾಯಿ. ಸಣ್ಣ ಪಟ್ಟಿಗಳಲ್ಲಿ, ಅದರಲ್ಲೂ ಸಣ್ಣಪುಟ್ಟ ಸರಕುಗಳನ್ನು ಮೊದಲೇ ಸೇರಿಸಿಟ್ಟ ಪಟ್ಟಿಗಳಲ್ಲಿ, ಎ ಗುಂಪು ದಪ್ಪವಾಗೇ ಇರುತ್ತದೆ. ಅಂಕಿಯನ್ನು 20ಕ್ಕೆ ಇಳಿಸಲು ಗೆರೆ ಎಳೆದಾಡುವುದು ಬೇಡ. ವಾರಕ್ಕೊಮ್ಮೆ ಕೈಯಾರೆ ಎಣಿಸಲು ಸಾಧ್ಯವಾಗುವಷ್ಟು ಸರಕು ಎ ನಲ್ಲಿದ್ದರೆ ಗೆರೆ ಸರಿಯಾದ ಜಾಗದಲ್ಲಿದೆ. 700 ಸರಕು ಬಿದ್ದರೆ ಗೆರೆಯನ್ನು 0.7ಕ್ಕೆ ಇಳಿಸಿ.

ಒಂದು ಜಾಗದಲ್ಲಿ ಮಾತ್ರ ಹಾಳೆಯ ಮಾತನ್ನು ಮೀರಬೇಕು. ಮೂರು ವಾರದ ಹಿಂದೆ ತರಿಸಿದ ಸರಕಿಗೆ 12 ತಿಂಗಳ ಮಾರಾಟವೇ ಇಲ್ಲ, ಅದು ಸಿ ಗುಂಪಿನಲ್ಲಿ ಕಾಣುವುದು ಸಹಜ. ಮೊದಲ ಮಾರಾಟದ ದಿನಾಂಕ ಮೂರು ತಿಂಗಳೊಳಗಿದ್ದರೆ ಆ ಸಾಲಿಗೆ ಕೈಯಿಂದಲೇ ‘ಹೊಸದು’ ಎಂದು ಬರೆಯಿರಿ. ತಿಂಗಳ ಮಾರಾಟವನ್ನು 12ರಿಂದ ಗುಣಿಸಿ ಒಳಗೆ ತುರುಕುವುದು ಇನ್ನೂ ಕೆಟ್ಟದ್ದು, ಏಕೆಂದರೆ ಆ ಊಹೆಯ ರೂಪಾಯಿ ಒಟ್ಟು ಮೊತ್ತಕ್ಕೂ ಸೇರಿ ಎಲ್ಲರ ಪಾಲನ್ನೂ ಅಲುಗಿಸುತ್ತದೆ.

ಮುಂದಿನ ಸಲ

ಮೂರು ತಿಂಗಳಿಗೊಮ್ಮೆ, ಹಿಂದಿನ 12 ತಿಂಗಳನ್ನು ಹಿಡಿದು ಮತ್ತೆ ಲೆಕ್ಕ ಹಾಕಿದಾಗ ಗೆರೆಯ ಹತ್ತಿರದವು ಕುಣಿಯುತ್ತವೆ. ಪೈಪು 38,000ದಿಂದ 44,000ಕ್ಕೆ ಏರಿತು, ಟ್ಯೂಬ್ 46,000ದಿಂದ 40,000ಕ್ಕೆ ಇಳಿಯಿತು ಎನ್ನೋಣ. ಒಟ್ಟು ಮೊತ್ತ ಅಷ್ಟೇ. ಈಗ ಪೈಪಿನ ಮುಂಚಿನ ಪಾಲು 76.2, ಅದು ಎ. ಟ್ಯೂಬಿನದು 80.6, ಅದು ಬಿ. ಮುಂದಿನ ಸಲ ಮತ್ತೆ ತಿರುಗಬಹುದು. ಪ್ರತಿ ಸಲವೂ ರ‍್ಯಾಕ್ ಬದಲಿಸಿ, ಆರ್ಡರ್ ಪ್ರಮಾಣ ಬದಲಿಸಿ ಎಂದರೆ ಅಂಗಡಿಯ ಹುಡುಗರು ಹಾಳೆಯನ್ನೇ ನಂಬುವುದು ಬಿಡುತ್ತಾರೆ.

ಇದಕ್ಕೆ G ಕಾಲಮ್‌ನಲ್ಲಿ ಹೋದ ಸಲದ ಗುಂಪನ್ನು ಇಟ್ಟು, ಕೆಳಗಿಳಿಯುವ ಸರಕಿಗೆ ಎರಡು ಪಾಯಿಂಟ್ ಸಡಿಲ ಕೊಡುವುದು ಒಳ್ಳೆಯ ಉಪಾಯ. F ನ ಸೂತ್ರ ಹೀಗಾಗುತ್ತದೆ:

```
=IF(D2=0,"-",
 IF(E2<IF(G2="A",0.82,0.8),"A",
 IF(E2<IF(OR(G2="A",G2="B"),0.97,0.95),"B","C")))
```

ಎ ನಲ್ಲಿದ್ದದ್ದು 82 ಮುಟ್ಟುವವರೆಗೆ ಎ ನಲ್ಲೇ ಇರುತ್ತದೆ, ಆದರೆ ಬಿ ನಲ್ಲಿದ್ದದ್ದು ಮೇಲೆ ಬರಲು 80ರ ಒಳಗೆ ಬರಲೇಬೇಕು. ಮೇಲಿನ ಉದಾಹರಣೆಯಲ್ಲಿ ಪೈಪು ಮೇಲೇರುತ್ತದೆ, ಟ್ಯೂಬ್ 80.6 ಆದರೂ ಜಾಗ ಬಿಡುವುದಿಲ್ಲ. ಎ ಗುಂಪಿನಲ್ಲಿ ಒಂದು ಸರಕು ಹೆಚ್ಚು, ಅಷ್ಟೇ ನಷ್ಟ. ಮೊದಲ ಸಲ G ಖಾಲಿ ಇದ್ದರೆ ಸೂತ್ರ ಹಳೆಯದರಂತೆಯೇ ನಡೆಯುತ್ತದೆ.

G ಗೆ `=F2` ಎಂದು ಬರೆಯುವ ಆಸೆಯಾಗುತ್ತದೆ. ಬರೆದರೆ F ಗೆ G ಬೇಕು, G ಗೆ F ಬೇಕು, ಹಾಳೆ ಸುತ್ತು ಹೊಡೆದು ದೂರು ಹೇಳುತ್ತದೆ. ಪ್ರತಿ ಸಲ ಲೆಕ್ಕ ಮುಗಿದು ತಾಳೆ ಆದ ಮೇಲೆ F ಅನ್ನು ನಕಲು ಮಾಡಿ, `Paste Special` ನಲ್ಲಿ `Values` ಆರಿಸಿ, ದಿನಾಂಕದ ತಲೆಬರಹ ಕೊಟ್ಟು ಬಲಗಡೆಯ ಹೊಸ ಕಾಲಮ್‌ನಲ್ಲಿ ಇಟ್ಟುಬಿಡಿ. ಮುಂದಿನ ಸಲ ಹೊಸ ಬಿಲ್ ಸಾಲುಗಳನ್ನು ಅಂಟಿಸುವ ಮುಂಚೆ, ಅಲ್ಲಿಂದ G ಗೆ ತನ್ನಿ. ಅಂಟಿಸಿದ ಮೇಲೆ ತಂದರೆ ತಡವಾಯಿತು ಎಂದೇನಲ್ಲ, ಬಲಗಡೆಯದು ಬರೀ ಬೆಲೆಗಳಾದ್ದರಿಂದ ಅದು ಬದಲಾಗಿರುವುದಿಲ್ಲ. ಆದರೆ ಆ ನಡುವೆ ಯಾರಾದರೂ A ಕಾಲಮ್ ಜೋಡಿಸಿದ್ದರೆ ಸಾಲುಗಳು ಹೊಂದುವುದಿಲ್ಲ, ಹಾಗಾಗಿ ಹಳೆಯ ಗುಂಪಿನ ಪಕ್ಕದಲ್ಲಿ ಕೋಡನ್ನೂ ಅಂಟಿಸಿಡಿ.